ಐದನೇ ತರಗತಿಗೆ ಭಿನ್ನರಾಶಿ ಪಾಠಯೋಜನೆ: 40 ನಿಮಿಷಕ್ಕೆ ಏನನ್ನು ಇಟ್ಟುಕೊಳ್ಳಬೇಕು?

ಪ್ರಶ್ನೆ (ಡಿ.ಎಲ್.ಇಡಿ ವಿದ್ಯಾರ್ಥಿನಿ, ಉಡುಪಿ): ನಮಸ್ತೆ. ಮಲ್ಪೆ ಕಡೆಯ ಒಂದು ಶಾಲೆಯಲ್ಲಿ ಐದನೇ ಕ್ಲಾಸಿಗೆ ಭಿನ್ನರಾಶಿ ಪಾಠ ಮಾಡಬೇಕು. 28 ಮಕ್ಕಳು, 40 ನಿಮಿಷ, 5ಇ ಮಾದರಿ. ಭಿನ್ನರಾಶಿ ಎಂದರೇನು, ವಿಧಗಳು, ಹೋಲಿಕೆ, ಕೂಡಿಸುವುದು ಎಲ್ಲ ಬರೆದಿದ್ದೆ. "ಇದು ನಾಲ್ಕು ಪಾಠ, ಒಂದಲ್ಲ" ಎಂದು ಗೈಡ್ ಟೀಚರ್ ವಾಪಸ್ ಕೊಟ್ಟರು. ಯಾವುದನ್ನು ಇಟ್ಟುಕೊಳ್ಳಲಿ? ಹೇಗೆ ಬರೆಯಲಿ?

ಉತ್ತರ (ಗಣಿತ ಶಿಕ್ಷಕಿ, ಮಂಗಳೂರು, ಟ್ರೈನಿಂಗ್ ಮಕ್ಕಳ ಪಾಠ ನೋಡುವವರು): ಹೋಲಿಕೆ ಮಾತ್ರ ಇಟ್ಟುಕೊಳ್ಳಿ. ಅದರಲ್ಲೂ 1/2, 1/3, 1/4, ಆಮೇಲೆ 2/3 ಮತ್ತು 3/4. ಇಷ್ಟೇ ಸಾಕು. ಐದನೇ ಕ್ಲಾಸಿನ ಮಗು ಅಂಶ, ಛೇದ ಎರಡನ್ನೂ ಬೇರೆ ಬೇರೆ ಸಂಖ್ಯೆಗಳ ಹಾಗೆ ಓದುತ್ತದೆ. ಆ ಅಭ್ಯಾಸ ಹೊರಗೆ ಬೀಳುವುದು ಹೋಲಿಕೆಯಲ್ಲೇ. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ 1/4 ದೊಡ್ಡದು ಅನ್ನುತ್ತದೆ.

ಸಾಮಗ್ರಿಗೆ ಕಾಗದದ ಪಟ್ಟಿ ಮಾಡಿ. ಉದ್ದ 24 ಸೆಂ.ಮೀ., ಅಗಲ 3 ಸೆಂ.ಮೀ. 24 ಯಾಕೆಂದರೆ ಅರ್ಧಕ್ಕೆ 12, ಮೂರನೇ ಒಂದಕ್ಕೆ 8, ಕಾಲಿಗೆ 6, ಎಲ್ಲ ಪೂರ್ಣ ಸಂಖ್ಯೆಯಲ್ಲೇ ಬರುತ್ತವೆ. ಒಂದು ಎ4 ಹಾಳೆಯಲ್ಲಿ ಉದ್ದಕ್ಕೆ ಏಳು ಪಟ್ಟಿ ಸಿಗುತ್ತದೆ. 14 ಜೋಡಿಗೆ ನಾಲ್ಕು ನಾಲ್ಕು ಪಟ್ಟಿ ಅಂದರೆ ಎಂಟೇ ಹಾಳೆ. ಎಲ್ಲ ಪಟ್ಟಿಯೂ ಒಂದೇ ಉದ್ದ ಇರಲೇಬೇಕು. ಇದು ತಪ್ಪಿದರೆ ಪಾಠವೇ ಕೆಡುತ್ತದೆ. ಚಿಕ್ಕ ಪಟ್ಟಿಯ ಅರ್ಧ, ದೊಡ್ಡ ಪಟ್ಟಿಯ ಕಾಲಿಗಿಂತ ಚಿಕ್ಕದಾಗಿ ಕಂಡರೆ ಮಗುವಿನದ್ದು ತಪ್ಪಲ್ಲ ಅಲ್ವಾ?

ಈಗ ಸಮಯ. ತೊಡಗಿಸಿಕೊಳ್ಳುವುದಕ್ಕೆ 5 ನಿಮಿಷ. "ಒಂದೇ ಉದ್ದದ ಚಿಕ್ಕಿ, ಮೂರು ಜನ ಸಮ ಹಂಚಿಕೊಂಡರೆ ನಿನಗೆ ಜಾಸ್ತಿಯಾ, ನಾಲ್ಕು ಜನ ಹಂಚಿಕೊಂಡರೆ ಜಾಸ್ತಿಯಾ?" ಎಂದು ಕೇಳಿ, ಕೈ ಎತ್ತಿಸಿ, ಉತ್ತರ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಇಲ್ಲಿ ಹೆಚ್ಚಿನವರು ಸರಿ ಹೇಳುತ್ತಾರೆ. ಕೂಡಲೇ 1/3, 1/4 ಎಂದು ಬರೆದು ಅದೇ ಪ್ರಶ್ನೆ ಕೇಳಿ. ಅವರಲ್ಲೇ ಕೆಲವರು ಉಲ್ಟಾ ಹೇಳುತ್ತಾರೆ. ನೀವು ಏನೂ ತಿದ್ದಬೇಡಿ.

ಅನ್ವೇಷಣೆಗೆ 15 ನಿಮಿಷ ಕೊಡಿ, ಇಲ್ಲಿ ಅವಸರ ಬೇಡ. ಒಂದು ಪಟ್ಟಿ ಇಡಿಯಾಗಿ ಇರಲಿ, ಉಳಿದ ಮೂರನ್ನು ಎರಡು, ಮೂರು, ನಾಲ್ಕು ಸಮಭಾಗ ಮಾಡಿ ಗೆರೆ ಎಳೆಯಲಿ. ಕತ್ತರಿಸುವುದು ಬೇಡ, ತುಂಡು ಕಳೆದುಹೋಗುತ್ತದೆ, ಇಡಿ ಯಾವುದು ಅನ್ನುವುದೂ ಮರೆತುಹೋಗುತ್ತದೆ. ಒಂದರ ಕೆಳಗೆ ಒಂದು, ಎಡ ಅಂಚು ಸರಿಯಾಗಿ ಕೂರುವ ಹಾಗೆ ಇಟ್ಟು 1/2, 1/3, 1/4 ಬಣ್ಣ ಹಾಕಲಿ. ಬಣ್ಣ 12, 8, 6 ಸೆಂ.ಮೀ. ಬರುತ್ತದೆ, ಅಳೆದು ನೋಡಲಿ.

ವಿವರಣೆ 8 ನಿಮಿಷ, ಮಾತು ಮಕ್ಕಳದ್ದು. "ಭಾಗ ಜಾಸ್ತಿಯಾದ ಹಾಗೆ ಒಂದೊಂದು ಭಾಗ ಚಿಕ್ಕದಾಗುತ್ತದೆ" ಅನ್ನುವ ಅರ್ಥದ ಮಾತು ಅವರ ಬಾಯಿಂದ ಬರಬೇಕು. ಬಂದದ್ದನ್ನು ಅವರ ಮಾತಲ್ಲೇ ಬೋರ್ಡಿಗೆ ಬರೆಯಿರಿ.

ಟ್ಯೂಷನ್ ಮೇಷ್ಟ್ರು, ಕಾರ್ಕಳ: ಇಷ್ಟೆಲ್ಲ ಯಾಕೆ ಟೀಚರ್? ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು, ಒಂದೇ ವಾಕ್ಯ. ಅಂಶವೂ ಬೇರೆ ಇದ್ದರೆ ಅಡ್ಡ ಗುಣಾಕಾರ. 2/3, 3/4 ಕೊಟ್ಟರೆ 2×4=8, 3×3=9, ಹಾಗಾಗಿ 3/4 ದೊಡ್ಡದು. ನನ್ನ ಮಕ್ಕಳು ಎರಡು ಸೆಕೆಂಡಲ್ಲಿ ಮಾಡುತ್ತಾರೆ.

ಗಣಿತ ಶಿಕ್ಷಕಿ: ಮೇಷ್ಟ್ರೇ, ಲೆಕ್ಕ ಸರಿ ಇದೆ. ಆದರೆ ಆ ಮೊದಲ ವಾಕ್ಯ ಅಂಶ ಒಂದೇ ಇದ್ದಾಗ ಮಾತ್ರ ನಿಲ್ಲುತ್ತದೆ. ಅದನ್ನು ಉರು ಹೊಡೆದ ಮಗು 3/4 ಗಿಂತ 2/3 ದೊಡ್ಡದು ಅನ್ನುತ್ತದೆ, ಛೇದ ಚಿಕ್ಕದು ನೋಡಿ. ಇನ್ನು ಅಡ್ಡ ಗುಣಾಕಾರದಲ್ಲಿ ಬಂದ 8, 9 ಏನು ಅಂತ ಕೇಳಿ ನೋಡಿ. ಅವು 8/12, 9/12. ಪಟ್ಟಿಯಲ್ಲಿ 2/3 ಅಂದರೆ 16 ಸೆಂ.ಮೀ., 3/4 ಅಂದರೆ 18. ಅದನ್ನು ಕಣ್ಣಲ್ಲಿ ನೋಡಿದ ಮಗುವಿಗೆ ಮುಂದಿನ ವರ್ಷ ನಿಮ್ಮ ವಿಧಾನ ಕಲಿಸಿದರೆ ಚೆನ್ನಾಗಿ ಹಿಡಿಯುತ್ತದೆ.

ಅದಕ್ಕೇ ವಿಸ್ತರಣೆಯ 6 ನಿಮಿಷಕ್ಕೆ ಈ ಜೋಡಿಯನ್ನೇ ಹಾಕಿ. ಇಲ್ಲಿ ಇನ್ನೊಂದು ಉತ್ತರವೂ ಬರುತ್ತದೆ: "ಎರಡರಲ್ಲೂ ಒಂದೊಂದು ಭಾಗ ಕಮ್ಮಿ, ಹಾಗಾಗಿ ಎರಡೂ ಸಮ." ಇದು ಯೋಚನೆ ಮಾಡಿ ಹೇಳಿದ ಉತ್ತರ, ತಳ್ಳಿಹಾಕಬೇಡಿ. "ಕಮ್ಮಿ ಇರುವ ಆ ಒಂದು ಭಾಗ ಎಷ್ಟು ದೊಡ್ಡದು?" ಎಂದು ಮಾತ್ರ ಕೇಳಿ. ಒಂದು ಕಡೆ 8 ಸೆಂ.ಮೀ. ಖಾಲಿ, ಇನ್ನೊಂದು ಕಡೆ 6. ಮಗು ತಾನೇ ತಿದ್ದಿಕೊಳ್ಳುತ್ತದೆ.

ಸುರತ್ಕಲ್‌ನಿಂದ ಒಬ್ಬ ತಾಯಿ: ನನ್ನ ಮಗಳೂ ಐದನೇ ಕ್ಲಾಸು. 1/2 + 1/3 ಕೊಟ್ಟರೆ 2/5 ಅಂತ ಬರೆಯುತ್ತಾಳೆ. ಎಷ್ಟು ಹೇಳಿದರೂ ಅದೇ. ಈ ಪಟ್ಟಿ ಅದಕ್ಕೂ ಆಗುತ್ತದಾ?

ಗಣಿತ ಶಿಕ್ಷಕಿ: ಆಗುತ್ತದೆ ಅಕ್ಕ, ಇಲ್ಲಿ ಕೇಳಿದ್ದು ಬೇರೆ ಪಾಠ ಆದರೂ ಹೇಳುತ್ತೇನೆ. "2/5 ಅರ್ಧಕ್ಕಿಂತ ಜಾಸ್ತಿಯಾ ಕಮ್ಮಿಯಾ?" ಎಂದು ಮೊದಲು ಕೇಳಿ. ಐದರಲ್ಲಿ ಎರಡು, ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೂ ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಗುವುದು ಹೇಗೆ? ಆಮೇಲೆ ಪಟ್ಟಿಯಲ್ಲಿ 12 ಸೆಂ.ಮೀ., ಪಕ್ಕದಲ್ಲಿ 8. ಒಟ್ಟು 20. 24 ರಲ್ಲಿ 20 ಅಂದರೆ 5/6. ಸಮಛೇದ ಆಮೇಲೆ.

ಪ್ರಶ್ನೆ ಕೇಳಿದವರು: ತುಂಬ ಸಹಾಯ ಆಯ್ತು ಟೀಚರ್. ಉಳಿದ 6 ನಿಮಿಷ ಮೌಲ್ಯಮಾಪನಕ್ಕೆ. ಎರಡು ಪ್ರಶ್ನೆ ಸಾಕಾ? 3/4 ಮತ್ತು 2/3 ಒಂದು, 4/5 ಮತ್ತು 2/3 ಇನ್ನೊಂದು ಅಂತ ಯೋಚಿಸಿದ್ದೆ.

ಗಣಿತ ಶಿಕ್ಷಕಿ: ಎರಡು ಸಾಕು, ಆದರೆ ಈ ಎರಡೇ ಒಟ್ಟಿಗೆ ಬೇಡ. ಎರಡರಲ್ಲೂ ದೊಡ್ಡ ಸಂಖ್ಯೆ ಇರುವುದೇ ದೊಡ್ಡ ಭಿನ್ನರಾಶಿ. ಏನೂ ಅರ್ಥವಾಗದ ಮಗುವೂ ಎರಡಕ್ಕೂ ಸರಿ ಬರೆಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಒಂದು 1/5 ಮತ್ತು 1/8 ಇರಲಿ, ಸಂಖ್ಯೆ ನೋಡಿ ಹೇಳುವವರು ಅಲ್ಲಿ 1/8 ಬರೆಯುತ್ತಾರೆ. ಇನ್ನೊಂದು 4/5 ಮತ್ತು 2/3 ಇರಲಿ, ಛೇದದ ವಾಕ್ಯ ಉರು ಹೊಡೆದವರು ಅಲ್ಲಿ 2/3 ಬರೆಯುತ್ತಾರೆ, ಒಂದೊಂದು ಕಮ್ಮಿ ಅನ್ನುವವರು ಸಮ ಅಂತ ಬರೆಯುತ್ತಾರೆ. ಎರಡೂ ಸರಿ ಇದ್ದರೆ ಮಾತ್ರ ನಂಬಿ. ಪ್ರತಿ ಪ್ರಶ್ನೆಯ ಕೆಳಗೆ "ಯಾಕೆ?" ಎಂದು ಒಂದು ಸಾಲು ಬಿಡಿ. ಯಾವ ತಪ್ಪು ಉತ್ತರಕ್ಕೆ ಏನು ಕಾರಣ ಅನ್ನುವುದನ್ನು ಯೋಜನೆಯ ಬಲಗಡೆ ಅಂಕಣದಲ್ಲಿ ಬರೆದಿಟ್ಟುಕೊಳ್ಳಿ.

ಸರ್ಕಾರಿ ಶಾಲೆ ಶಿಕ್ಷಕ, ಕುಂದಾಪುರ: ಎಲ್ಲ ಒಪ್ಪಿದೆ, ಒಂದು ಬಿಟ್ಟು. ಸ್ಕೇಲ್ ಇಟ್ಟು ಗುರುತು ಮಾಡಿಸಿದರೆ ಅದು ಅಳತೆ ಪಾಠ ಆಗುತ್ತದೆ. ಮಕ್ಕಳು 8 ದೊಡ್ಡದಾ 6 ದೊಡ್ಡದಾ ಅಂತ ನೋಡುತ್ತಾರೆ, ಭಿನ್ನರಾಶಿ ನೋಡುವುದಿಲ್ಲ. ನಾನು ಮಡಚಿಸುತ್ತೇನೆ.

ಗಣಿತ ಶಿಕ್ಷಕಿ: ಅರ್ಧ, ಕಾಲು ಮಡಚಬಹುದು ಸರ್. ಮೂರು ಸಮಭಾಗ ಮಡಚುವುದು ಮಕ್ಕಳಿಗೆ ಕಷ್ಟ, ಒಂದು ಭಾಗ ದಪ್ಪ, ಒಂದು ಸಪೂರ ಬರುತ್ತದೆ. ಆಗ 1/3 ಮತ್ತು 1/4 ಹತ್ತಿರ ಹತ್ತಿರ ಕಾಣುತ್ತವೆ.

ಕುಂದಾಪುರದ ಶಿಕ್ಷಕ: ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಸಡಿಲವಾಗಿ ಸುತ್ತಿ, ಅಂಚುಗಳು ಸೇರುವವರೆಗೆ ಸರಿಸಿ, ಆಮೇಲೆ ಒತ್ತಿದರೆ ಬರುತ್ತದೆ. ಸಮಯ ಹೋಗುತ್ತದೆ, ನಿಜ. ಆದರೆ "ಸಮಭಾಗ" ಅನ್ನುವುದಕ್ಕೆ ಮಗು ಒದ್ದಾಡುವುದು ಅಲ್ಲೇ.

ಪ್ರಶ್ನೆ ಕೇಳಿದವರು: ಹಾಗಾದರೆ ಅರ್ಧ, ಕಾಲು ಮಡಚಿಸಿ, ಮೂರನೇ ಪಟ್ಟಿಗೆ ಮಾತ್ರ 8 ಸೆಂ.ಮೀ. ಗುರುತು ನಾನೇ ಮಾಡಿ ಕೊಡುತ್ತೇನೆ. ಅಳೆಯುವುದನ್ನು ವಿಸ್ತರಣೆಗೆ ಇಡುತ್ತೇನೆ. ಗೈಡ್ ಟೀಚರ್ ಏನು ಹೇಳುತ್ತಾರೆ ಎಂದು ಬಂದು ತಿಳಿಸುತ್ತೇನೆ.