ಸಹಾಯ ಬೇಕು: ನನ್ನ ಕಥೆಯ ಅಜ್ಜಿಯ ಬೆಳ್ಳಿ ಕೂದಲು ಎಷ್ಟು ಬೆಳೆದಿರಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆ ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಕೂದಲಿಗೆ ಕಪ್ಪು ಬಣ್ಣ ಹಚ್ಚಿದ ಅಜ್ಜಿ ಒಂದು ದಿನ ಅದನ್ನು ನಿಲ್ಲಿಸುತ್ತಾರೆ. ಎಂಟು ತಿಂಗಳಿಗೆ ಮೊಮ್ಮಗಳ ಮದುವೆ. ಅಲ್ಲಿ ನೆಂಟರೆಲ್ಲ ಆ ಬೆಳ್ಳಿ ಕೂದಲು ನೋಡಬೇಕು.

ತೊಡಕು ಇರುವುದು ಲೆಕ್ಕದಲ್ಲಿ. ತಲೆಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂ.ಮೀ. ಅಂದರೆ ಮದುವೆ ಹೊತ್ತಿಗೆ ಬುಡದಲ್ಲಿ 8 ಸೆಂ.ಮೀ. ಬಿಳಿ, ಅದರ ಕೆಳಗೆ ಇಡೀ ಜಡೆ ಕಪ್ಪು. ಪರ್ಮನೆಂಟ್ ಡೈ ತೊಳೆದರೆ ಹೋಗುವುದಿಲ್ಲ. ಬ್ಲೀಚ್ ಮಾಡಿದರೂ ಕಪ್ಪು ಸೀದಾ ಬೆಳ್ಳಿಯಾಗುವುದಿಲ್ಲ. ಮೊದಲು ಕಿತ್ತಳೆ, ಆಮೇಲೆ ಹಳದಿ, ಜೊತೆಗೆ ಕೂದಲೂ ಒರಟು. ನಮ್ಮ ಅಜ್ಜಿ ಅದಕ್ಕೆಲ್ಲ ಒಪ್ಪುವವರಲ್ಲ ಬಿಡಿ.

ಉಳಿದದ್ದು ಎರಡು ದಾರಿ. ಕಪ್ಪು ಭಾಗವನ್ನೆಲ್ಲ ಕತ್ತರಿಸಿ ಗಿಡ್ಡ ಕೂದಲಲ್ಲಿ ಬರುವುದು. ಇಲ್ಲವೇ ಹಿಂದಕ್ಕೆ ಬಿಗಿಯಾಗಿ ಬಾಚಿ ತುರುಬು ಕಟ್ಟುವುದು. ಎದುರಿನಿಂದ ಬೆಳ್ಳಿ, ತಲೆಯ ಹಿಂಭಾಗ ಮತ್ತು ತುರುಬು ಕಪ್ಪು. ನನಗೆ ಇದೇ ಇಷ್ಟ. ಹಿಂದೆ ಕೂತ ಅವರ ತಂಗಿ "ಇದೇನಕ್ಕಾ, ಅರ್ಧಕ್ಕೇ ಬಿಟ್ಟೆ?" ಅಂತ ಕೇಳಬಹುದಲ್ಲ!

ಬಣ್ಣ ಹಚ್ಚುವುದನ್ನು ಬಿಟ್ಟವರು ಯಾರಾದರೂ ಇದ್ದರೆ ಹೇಳಿ. ಶುರುವಿನ ತಿಂಗಳುಗಳಲ್ಲಿ ಬೈತಲೆಯ ಬಿಳಿ ಗೆರೆ ನೋಡಿ ಮನೆಯವರು ಏನೆಂದರು? ಹೊಸ ಕೂದಲು ಬಾಚಣಿಗೆಗೆ ಬೇರೆ ಥರ ಸಿಗುತ್ತದಾ? ಬಿಳಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಕಿವಿಯ ಮುಂದೆ ಜಾಸ್ತಿ, ಕುತ್ತಿಗೆ ಹತ್ತಿರ ಕಡಿಮೆ, ಅಲ್ವಾ? ನಿಮಗೆ ಹೇಗಿತ್ತು?