‘ಕಾಡುತ್ತಿರೆ’: ಕಾಡಿದ್ದು ಯಾರು?

ಪ್ರಶ್ನೆ: ಪಾಂಡವರ ಕಡೆಗೆ ಬಾ ಎಂದು ಕೃಷ್ಣ ಕರೆದಾಗ, ಪಂಪಭಾರತದ ಕರ್ಣ ಹಳೆಯದೊಂದು ಪಗಡೆಯಾಟವನ್ನು ನೆನೆಯುತ್ತಾನೆ. ‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ ಸೋಲಮನೀವುದೆಂದು ಕಾಡುತ್ತಿರೆ’ ಮುತ್ತಿನ ಹಾರ ಹರಿಯುತ್ತದೆ. ದುರ್ಯೋಧನ ಬೇಸರವಿಲ್ಲದೆ ‘ಆಯ್ವುದೊ, ಪೇಳಿಂ’, ಮುತ್ತುಗಳನ್ನು ಆಯಬೇಕೋ ಹೇಳಿ, ಎನ್ನುತ್ತಾನೆ. ಪಣ ಕೊಡು ಎಂದು ರಾಣಿಯನ್ನು ಕಾಡಿದವನು ಕರ್ಣನೋ, ದುರ್ಯೋಧನನೋ? ಕರ್ತೃಪದವೇ ಇಲ್ಲವಲ್ಲ.

ಉತ್ತರ: ಇದರಲ್ಲಿ ಕೇಳುವುದೇನಿದೆ, ಕರ್ಣನೇ. ಮಹಾಭಾರತದಲ್ಲಿ ವ್ಯಾಸರು ಹೇಳಿದ ಕಥೆಯೇ ಇದು. ಹೆಂಡತಿಯ ಹಾರ ಎಳೆದವನನ್ನೂ ಅನುಮಾನಿಸದ ಗೆಳೆಯನನ್ನು ಬಿಡಲಾರದ್ದಕ್ಕೇ ಕರ್ಣ ದೊಡ್ಡವನಾದ.

ಉತ್ತರ: ನಮ್ಮೂರ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವರು ಈ ಮುತ್ತಿನ ಪ್ರಸಂಗವನ್ನು ಅರ್ಧ ಗಂಟೆ ಬೆಳೆಸುತ್ತಾರೆ. ಅಭಿಮನ್ಯುವನ್ನು ಹಲವರು ಸೇರಿ ಕೊಂದಾಗ ಇದೇ ಕರ್ಣ ಅಲ್ಲಿದ್ದನಲ್ಲ ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಅದಕ್ಕೆ ಯಾರಾದರೂ ಉತ್ತರ ಹೇಳಿ.

ಉತ್ತರ: ಕಾಡಿದವನು ಕರ್ಣನೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಪ್ರಸಂಗ ವ್ಯಾಸಭಾರತದ್ದಲ್ಲ. ಉದ್ಯೋಗಪರ್ವದ ಕರ್ಣ ಕೃಷ್ಣನಿಗೆ ಕೊಡುವ ಕಾರಣಗಳೇ ಬೇರೆ. ಹೆತ್ತವಳು ನೀರಿಗೆ ಬಿಟ್ಟಳು. ನನ್ನನ್ನು ಕಂಡ ಅಕ್ಕರೆಗೆ ರಾಧೆಯ ಎದೆಯಲ್ಲಿ ಹಾಲಿಳಿಯಿತು, ನನ್ನ ಮಲಮೂತ್ರ ಬಳಿದವಳು ಅವಳು. ಅಧಿರಥ ಮದುವೆ ಮಾಡಿಸಿದ. ದುರ್ಯೋಧನನ ಆಸರೆಯಲ್ಲಿ 13 ವರ್ಷ ರಾಜ್ಯ ಉಂಡಿದ್ದೇನೆ ಎನ್ನುತ್ತಾನೆ. ನನ್ನ ಹುಟ್ಟಿನ ಗುಟ್ಟನ್ನು ಯುಧಿಷ್ಠಿರನಿಗೆ ಹೇಳಬೇಡ, ಅವನು ರಾಜ್ಯ ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂದೂ ಬೇಡಿಕೊಳ್ಳುತ್ತಾನೆ. ಧರ್ಮ ಯಾವ ಕಡೆಯಿದೆಯೆಂದು ಅವನಿಗೆ ಗೊತ್ತು. ದುರ್ಯೋಧನನ ಮೆಚ್ಚುಗೆಗಾಗಿ ಪಾಂಡವರಿಗೆ ಕಟುಮಾತಾಡಿದ್ದಕ್ಕೆ ಪಶ್ಚಾತ್ತಾಪವೂ ಇದೆ. ಜನ ಅವನನ್ನು ಮೆಚ್ಚುವುದು ತಪ್ಪಿಲ್ಲದವನೆಂದಲ್ಲ, ಸೋಲುವ ಕಡೆಯೆಂದು ತಿಳಿದೂ ನಿಂತನೆಂದು.

ಇನ್ನು ವ್ಯಾಕರಣ. ‘ಕಾಡುತ್ತಿರೆ’ಯಂಥ ರೂಪ ಬಂದಾಗ ಮುಂದಿನ ಕ್ರಿಯೆಯ ಕರ್ತೃ ಸಾಮಾನ್ಯವಾಗಿ ಬೇರೆಯಾಗಿರುತ್ತಾನೆ: ‘ಅವನು ಓದುತ್ತಿರೆ ಇವಳು ಬಂದಳು’. ‘ಆಯ್ವುದೊ’ ಎಂದು ಕೇಳಿದವನು ದುರ್ಯೋಧನ. ಹಾಗಾದರೆ ಕಾಡಿದವನು ಇನ್ನೊಬ್ಬನಿರಬೇಕು. ‘ಪೇಳಿಂ’ ಬಹುವಚನವಾದ್ದರಿಂದ ಅವನ ಮುಂದೆ ಇಬ್ಬರಿದ್ದರೆನ್ನಲು ಅದೂ ಒಂದು ಆಧಾರ.

ಪ್ರಶ್ನೆ ಕೇಳಿದವರು: ‘ಪೇಳಿಂ’ ಗೌರವದ ಬಹುವಚನವೂ ಆಗಬಹುದಲ್ಲ? ಗಂಡಹೆಂಡಿರ ಆಟವನ್ನು ಕರ್ಣ ಬರಿದೆ ನೋಡುತ್ತಿದ್ದ ಎಂದುಕೊಂಡರೆ, ದುರ್ಯೋಧನ ಹೆಂಡತಿಗೇ ಹಾಗೆ ಕೇಳಿರಬಹುದು.

ಉತ್ತರ: ಆಗಬಹುದು, ಅದನ್ನು ತಳ್ಳಿಹಾಕಲಾರೆ. ಆದರೆ ಬರಿದೆ ನೋಡುತ್ತಿದ್ದವನಿಗೆ ಆ ಆಟದಿಂದ ಯಾವ ಋಣ ಬರುತ್ತದೆ? ಅವನನ್ನು ಬಿಟ್ಟು ನಿಮ್ಮೊಳಗೆ ಹೊಕ್ಕರೆ ನಾನು ಬೇಡನಾಗುವುದಿಲ್ಲವೇ ಎಂದು ಕರ್ಣ ಪದ್ಯ ಮುಗಿಸುತ್ತಾನೆ. ಹಾರ ಹರಿದ ಕೈ ಅವನದೇ ಆಗಿದ್ದರೆ ಮಾತ್ರ ಆ ಮಾತಿಗೆ ತೂಕ.

ಅಭಿಮನ್ಯುವಿನ ಪ್ರಶ್ನೆ ಕೇಳಿದವರಿಗೆ: ಅಲ್ಲಿ ಕರ್ಣನ ಪರ ಮಾತಾಡಲು ನನ್ನಲ್ಲೇನೂ ಇಲ್ಲ.