ಸಹಾಯ ಬೇಕು: ವಿಜ್ಞಾನ ಪ್ರದರ್ಶನದ ಸ್ಲೈಡಿಗೆ ಫೋಟೋ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಜಯನಗರದಲ್ಲಿದ್ದೇವೆ. ಏಳನೇ ಕ್ಲಾಸಿನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸ್ಲೈಡ್ ಮಾಡುತ್ತಿದ್ದಾಳೆ. ಬೆಳಕಿದ್ದರೆ ಹೆಸರುಕಾಳಿನ ಸಸಿ ಜಾಸ್ತಿ ಎತ್ತರ ಬೆಳೆಯುತ್ತದೆ ಅನ್ನುವುದು ಅವಳ ಊಹೆ. ಎರಡು ಲೋಟಗಳಲ್ಲಿ ಹತ್ತತ್ತು ಕಾಳು ಹಾಕಿ, ಒಂದನ್ನು ಕಿಟಕಿ ಹತ್ತಿರ, ಇನ್ನೊಂದನ್ನು ಬೀರುವಿನಲ್ಲಿ ಇಟ್ಟಳು. ದಿನಾ ಎರಡಕ್ಕೂ ಎರಡೆರಡು ಚಮಚ ನೀರು.

ಆರನೇ ದಿನ ಬೀರುವಿನ ಸಸಿಗಳು ಸುಮಾರು 14 ಸೆಂ.ಮೀ., ಕಿಟಕಿಯವು 8 ಸೆಂ.ಮೀ. ಕತ್ತಲಲ್ಲಿ ಸಸಿ ಬೆಳಕು ಹುಡುಕಿ ಕಾಂಡವನ್ನಷ್ಟೇ ಉದ್ದ ಮಾಡುತ್ತದೆ. ಅದಕ್ಕೇ ಅವು ಬಡಕಲಾಗಿವೆ, ಬೆಳಕಿಲ್ಲದೆ ಹಸಿರು ಬಣ್ಣ ಬಾರದೆ ಹಳದಿಯಾಗಿವೆ. ಈಗ ಊಹೆಯ ಸ್ಲೈಡನ್ನೇ ಬದಲಿಸುತ್ತೇನೆ ಅಂತಾಳೆ. ಬೇಡ, ಮೊದಲು ಬರೆದದ್ದೇ ಇರಲಿ, ತಪ್ಪಾಯಿತು ಅಂತ ಕೊನೆಯಲ್ಲಿ ಹೇಳು ಅಂದೆ. ಸರಿ ಅಲ್ವಾ?

ದೊಡ್ಡ ತೊಂದರೆ ಫೋಟೋಗಳದ್ದು. ಒಂದನ್ನು ಹತ್ತಿರದಿಂದ, ಇನ್ನೊಂದನ್ನು ದೂರದಿಂದ ತೆಗೆದಿದ್ದಾಳೆ. ಪಕ್ಕಪಕ್ಕ ಇಟ್ಟರೆ ಕಿಟಕಿಯ ಸಸಿಯೇ ಎತ್ತರ ಕಾಣುತ್ತದೆ! ಪಕ್ಕದಲ್ಲಿ ಸ್ಕೇಲ್ ಇಟ್ಟಿರಲಿಲ್ಲ. ಲೋಟಗಳು ಮಾತ್ರ ಒಂದೇ ಅಳತೆಯವು. ಪವರ್‌ಪಾಯಿಂಟ್‌ನಲ್ಲಿ ಎರಡೂ ಲೋಟ ಒಂದೇ ಅಗಲ ಬರುವಂತೆ ಫೋಟೋ ಹಿಗ್ಗಿಸಿದರೆ ಸಾಕೇ? ಅಥವಾ ಹೊಸದಾಗಿ ಬೆಳೆಸಿ ತೆಗೆಯಬೇಕೇ? ಇನ್ನು ಒಂಬತ್ತು ದಿನ ಇದೆ. ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.